ಎಡದಿಂದ ಬಲವನ್ನು ಕಳೆದಾಗ

ತಂತಿಯ ಇಯರ್‌ಫೋನ್ ಬಳಸಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಪಿನ್ ಸ್ವಲ್ಪ ಹೊರಗೆ ಜಾರಿದರೆ ಹಾಡು ನಿಲ್ಲುವುದಿಲ್ಲ, ಹಾಡುವವರ ದನಿ ಮಾತ್ರ ಮಾಯವಾಗುತ್ತದೆ. ವಯಲಿನ್ನು, ಗಿಟಾರು, ಕೋರಸ್ಸು ಎಲ್ಲವೂ ಇವೆ, ಆದರೆ ಪಲ್ಲವಿ ಹಾಡುವ ಗಾಯಕಿ ದೂರದ ಬಾವಿಯೊಳಗಿಂದ ಪಿಸುಗುಟ್ಟಿದಂತೆ ಕೇಳುತ್ತಾಳೆ. ಪಿನ್ನಿನ ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡದ ಭಾಗ ಎರಡಕ್ಕೂ ಸೇರಿದ ಅರ್ತಿಂಗ್. ಆ ಬುಡದ ಸಂಪರ್ಕ ತಪ್ಪಿದಾಗ ಕರೆಂಟಿಗೆ ಮರಳುವ ದಾರಿಯೇ ಇರುವುದಿಲ್ಲ. ಹಾಗಾಗಿ ಅದು ಎಡದಿಂದ ಬಲಕ್ಕೆ ಎರಡೂ ಕಿವಿಗಳ ಮೂಲಕ ಹರಿಯುತ್ತದೆ. ಕಿವಿಗೆ ಬೀಳುವುದು ಎಡ ಮತ್ತು ಬಲ ಚಾನೆಲ್‌ಗಳ ನಡುವಿನ ವ್ಯತ್ಯಾಸ ಮಾತ್ರ.

ಕರೋಕೆ ಟ್ರ್ಯಾಕ್ ಮಾಡಲು ಜನ ಬಹಳ ಕಾಲದಿಂದ ಬಳಸುತ್ತಿರುವ ಫೇಸ್ ಇನ್ವರ್ಶನ್ ಇದನ್ನೇ ಬೇಕೆಂದು ಮಾಡುವ ಕೆಲಸ. ಒಂದು ಚಾನೆಲ್‌ನ ಅಲೆಯನ್ನು ತಲೆಕೆಳಗು ಮಾಡಬೇಕು, ಅಂದರೆ ಪ್ರತಿ ಕ್ಷಣದ ಬೆಲೆಯ ಪ್ಲಸ್ಸನ್ನು ಮೈನಸ್ಸಾಗಿಸಿ, ಮೈನಸ್ಸನ್ನು ಪ್ಲಸ್ಸಾಗಿಸಿ, ಅದನ್ನು ಇನ್ನೊಂದು ಚಾನೆಲ್‌ಗೆ ಕೂಡಬೇಕು. ಒಂದು ಕ್ಷಣವನ್ನು ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಗಾಯಕಿಯ ದನಿ ಎರಡೂ ಕಡೆ 30, ಡ್ರಮ್ ಎರಡೂ ಕಡೆ 20. ಗಿಟಾರು ಎಡದಲ್ಲಿ ಮಾತ್ರ, 12. ವಯಲಿನ್ನು ಎಡದಲ್ಲಿ 2, ಬಲದಲ್ಲಿ 8. ಎಡದ ಮೊತ್ತ 64, ಬಲದ್ದು 58. ಕಳೆದರೆ 6 ಉಳಿಯುತ್ತದೆ. ಈ 6 ಎಲ್ಲಿಂದ ಬಂತು? ಗಿಟಾರಿನ 12ರಿಂದ, ಮತ್ತು ವಯಲಿನ್ನಿನ 2ರಲ್ಲಿ 8 ಕಳೆದ ಮೈನಸ್ 6ರಿಂದ. ವಯಲಿನ್ನು ತಲೆಕೆಳಗಾಯಿತು, ಆದರೆ ಕಿವಿಗೆ ಅದು ತಿಳಿಯುವುದಿಲ್ಲ. ದನಿಯ 30 ಪೂರ್ತಿ ಅಳಿಸಿಹೋಯಿತು. ಡ್ರಮ್ಮಿನ 20 ಕೂಡ.

ಈ ವಿಧಾನದ ಮಿತಿಯೆಲ್ಲ ಆ ಡ್ರಮ್ಮಿನಲ್ಲೇ ಕಾಣುತ್ತದೆ. ಈ ಲೆಕ್ಕಕ್ಕೆ ಮನುಷ್ಯರ ದನಿ ಯಾವುದು, ವಾದ್ಯ ಯಾವುದು ಎಂಬುದು ಗೊತ್ತಿಲ್ಲ. ಎರಡೂ ಕಡೆ ಒಂದೇ ತೆರನಾಗಿ ಇರುವುದನ್ನೆಲ್ಲ ಅದು ತೆಗೆದುಹಾಕುತ್ತದೆ. ಗಾಯಕರನ್ನು ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡಿ, ಮಿಕ್ಸಿಂಗ್ ಹೊತ್ತಿನಲ್ಲಿ ಎರಡೂ ಸ್ಪೀಕರಿಗೆ ಸಮನಾಗಿ ಹಂಚುವುದು ರೂಢಿ. ಆಗ ದನಿ ಎರಡು ಸ್ಪೀಕರುಗಳ ನಟ್ಟನಡುವೆ ನಿಂತಂತೆ ಕೇಳುತ್ತದೆ. ಆದರೆ ಬೇಸ್ ಗಿಟಾರು, ಕಿಕ್ ಡ್ರಮ್, ಸ್ನೇರ್ ಕೂಡ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಇದಕ್ಕೆ ಗ್ರಾಮಫೋನ್ ರೆಕಾರ್ಡಿನ ಕಾಲದ ಕಾರಣವೂ ಒಂದಿದೆ. ಸ್ಟೀರಿಯೊ ಎಲ್‌ಪಿಯಲ್ಲಿ ಎಡ-ಬಲಗಳ ಮೊತ್ತ ಮುಳ್ಳನ್ನು ಅಡ್ಡಕ್ಕೆ ಆಡಿಸಿದರೆ, ಅವುಗಳ ವ್ಯತ್ಯಾಸ ಅದನ್ನು ಮೇಲೆ ಕೆಳಗೆ ಆಡಿಸುತ್ತದೆ. ಜೋರಾದ ಬೇಸ್ ಒಂದೇ ಕಡೆ ಇದ್ದರೆ ಮುಳ್ಳು ಗೀರಿನಿಂದ ಹಾರಿಬಿಡಬಹುದು. ಅದಕ್ಕಾಗಿ ತಗ್ಗು ಸ್ವರಗಳನ್ನು ನಡುವಿಗೆ ತರುತ್ತಿದ್ದರು, ಆ ಅಭ್ಯಾಸ ಸಿ.ಡಿ. ಬಂದ ಮೇಲೂ ಉಳಿಯಿತು. ಹೀಗಾಗಿ ದನಿ ಕಳೆದ ಹಾಡು ತಳವಿಲ್ಲದೆ, ತೆಳ್ಳಗೆ, ತಾಳ ಕಳೆದುಕೊಂಡು ಬರುತ್ತದೆ.

ಬೇಸನ್ನು ಒಂದು ಮಟ್ಟಿಗೆ ಉಳಿಸಿಕೊಳ್ಳಲು ದಾರಿಯಿದೆ. ಮೂಲ ಹಾಡಿನ ಒಂದು ಪ್ರತಿಯಲ್ಲಿ ಸುಮಾರು 120 ಹರ್ಟ್ಜ್‌ಗಿಂತ ಮೇಲಿನದನ್ನೆಲ್ಲ ಫಿಲ್ಟರಿನಿಂದ ಕತ್ತರಿಸಿ, ಉಳಿದದ್ದನ್ನು ಕಳೆದ ಹಾಡಿಗೆ ಮತ್ತೆ ಕೂಡಬೇಕು. ಗಂಡು ದನಿಯ ತೀರ ತಗ್ಗಿನ ಸ್ವರಗಳು ಅಲ್ಲಿ ಸ್ವಲ್ಪ ನುಸುಳಬಹುದು, ಹೆಣ್ಣು ದನಿಗೆ ಆ ಅಪಾಯ ಕಡಿಮೆ. ಸ್ನೇರಿನಂಥ ವಾದ್ಯಗಳಿಗೆ ಈ ಉಪಾಯ ಇಲ್ಲ. ಅವು ದನಿಯ ಆವರ್ತನಗಳಲ್ಲೇ ಕೂತಿರುತ್ತವೆ.

ದನಿ ಪೂರ್ತಿ ಹೋದರೂ ಅದರ ನೆರಳು ಉಳಿಯುವುದು ಇನ್ನೊಂದು ತೊಡಕು. ಗಾಯನಕ್ಕೆ ಸ್ಟುಡಿಯೊದಲ್ಲಿ ರಿವರ್ಬ್ ಸೇರಿಸುತ್ತಾರೆ, ದೊಡ್ಡ ಸಭಾಂಗಣದ ಗುಂಗನ್ನು ಕೊಡಲು. ದನಿ ಎರಡೂ ಕಡೆ ಒಂದೇ ಆದರೂ ಆ ಗುಂಗು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ವಿಶಾಲವಾಗಿ ಕೇಳಲೆಂದೇ ಹಾಗೆ ಮಾಡಿರುತ್ತಾರೆ. ಕಳೆಯುವಾಗ ಅದು ಅಳಿಯುವುದಿಲ್ಲ. ಬಾವಿಯೊಳಗಿನ ಪಿಸುದನಿ ಎಂದೆನಲ್ಲ, ಅದು ಇದೇ: ಗಾಯಕಿ ಇಲ್ಲ, ಅವಳ ಗುಂಗು ಮಾತ್ರ ಇದೆ. ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟ ಹಾಡುಗಳಲ್ಲಂತೂ ದನಿಯೇ ಹೋಗದು. ಎಷ್ಟೇ ಪಳಗಿದ ಗಾಯಕರಾದರೂ ಎರಡು ಸಲ ಹಾಡಿದ ಅಲೆಗಳು ಒಂದಕ್ಕೊಂದು ಹೊಂದುವುದಿಲ್ಲ.

ಹೊಂದಿಕೆ ಎಷ್ಟು ನಿಖರವಾಗಿರಬೇಕು ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ. ಒಂದು ಚಾನೆಲ್ಲಿನಲ್ಲಿ ದನಿ ಬರೀ 1 ಡೆಸಿಬೆಲ್ ಕಡಿಮೆ ಇದೆ ಎನ್ನಿ. ಸುಮ್ಮನೆ ಕೇಳುವಾಗ ಅದು ಗಮನಕ್ಕೇ ಬರಲಿಕ್ಕಿಲ್ಲ, ಆದರೆ ಕಳೆದಾಗ ದನಿಯ ಅಲೆಯ ಎತ್ತರದಲ್ಲಿ ಶೇಕಡ 11ರಷ್ಟು ಉಳಿದುಬಿಡುತ್ತದೆ. ಇದನ್ನು ವಾಲ್ಯೂಮ್ ಹೊಂದಿಸಿ ಸರಿಪಡಿಸಬಹುದು. ಕಾಲದ ತಪ್ಪು ಇದಕ್ಕಿಂತ ಕ್ರೂರ. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುತ್ತವೆ. ಎರಡು ಚಾನೆಲ್‌ಗಳು ಒಂದೇ ಒಂದು ಸ್ಯಾಂಪಲ್ ಹಿಂದುಮುಂದಾದರೆ, 1,000 ಹರ್ಟ್ಜ್‌ನಲ್ಲಿ ಶೇಕಡ 14ರಷ್ಟು ಉಳಿಯುತ್ತದೆ, 5,000 ಹರ್ಟ್ಜ್‌ನಲ್ಲಿ ಶೇಕಡ 70ರಷ್ಟು! ತಗ್ಗಿನ ಸ್ವರಗಳು ಹೋಗಿ, ಸಾಹಿತ್ಯದ ‘ಸ’, ‘ಶ’, ‘ಚ’ಗಳು ಮಾತ್ರ ಚುಸ್ ಚುಸ್ ಎಂದು ಉಳಿದಿದ್ದರೆ ದೋಷ ಇದೇ ಎಂದು ತಿಳಿಯಬೇಕು.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಹಾಡುಗಳಲ್ಲಿ ಈ ವಿಧಾನ ಸೋಲುವುದು ಇದರಿಂದಲೇ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೆಡ್ಡಿನ ಮುಂದೆ ಸಾಗುತ್ತದೆ. ಹೆಡ್ಡು ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದ್ದರೂ ಎಡ-ಬಲಗಳ ನಡುವೆ ಒಂದು ಸ್ಯಾಂಪಲ್ಲಿಗಿಂತ ಹೆಚ್ಚು ಅಂತರ ಬೀಳುತ್ತದೆ. ಟೇಪು ಸಾಗುವಾಗ ಕೊಂಚ ಓಲಾಡುವುದರಿಂದ ಆ ಅಂತರ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಒಂದು ಸಲ ಸರಿಸಿ ಕೂರಿಸಿದರೆ ಮುಗಿಯಿತು ಎನ್ನುವಂತಿಲ್ಲ. ಕಡಿಮೆ ಬಿಟ್‌ರೇಟಿನ ಎಂಪಿ3 ಕಡತಗಳ ತೊಂದರೆ ಬೇರೆ. ಜೋರಾದ ದನಿಯ ಮರೆಯಲ್ಲಿ ಕಿವಿಗೆ ಕೇಳದು ಎಂದು ಅಲ್ಲಿ ವಿವರಗಳನ್ನು ಕೈಬಿಟ್ಟಿರುತ್ತಾರೆ. ದನಿಯನ್ನು ತೆಗೆದಾಗ ಆ ಮರೆಯೇ ಹೋಗಿ, ನೀರು ಗುಳುಗುಳಿಸಿದಂಥ ಸದ್ದು ಬಯಲಾಗುತ್ತದೆ.

ಐವತ್ತು, ಅರವತ್ತರ ದಶಕದ ನಮ್ಮ ಚಿತ್ರಗೀತೆಗಳನ್ನು ಹೀಗೆ ಕರೋಕೆ ಮಾಡಹೊರಟವರಿಗೆ ನಿರಾಸೆ ಖಚಿತ. ಅವು ಮಾನೊ ರೆಕಾರ್ಡಿಂಗುಗಳು. ಎಡ, ಬಲ ಎರಡೂ ಒಂದೇ, ಹಾಗಾಗಿ ಕಳೆದರೆ ಮೌನ. ಇದಕ್ಕೆ ತದ್ವಿರುದ್ಧದ ತುದಿಯಲ್ಲಿ ಬೀಟಲ್ಸ್ ತಂಡದ ಮೊದಲ ಆಲ್ಬಮ್ ಇದೆ, 1963ರ ‘ಪ್ಲೀಸ್ ಪ್ಲೀಸ್ ಮಿ’. ಅದನ್ನು ಎರಡೇ ಟ್ರ್ಯಾಕಿನ ಟೇಪಿನಲ್ಲಿ, ಒಂದರಲ್ಲಿ ಹೆಚ್ಚಾಗಿ ವಾದ್ಯ, ಇನ್ನೊಂದರಲ್ಲಿ ದನಿ ಎಂಬಂತೆ ರೆಕಾರ್ಡ್ ಮಾಡಿದ್ದರು; ಸ್ಟೀರಿಯೊ ರೆಕಾರ್ಡಿನಲ್ಲೂ ಅವು ಎಡ, ಬಲವಾಗಿಯೇ ಬಂದವು. ಅಲ್ಲಿ ಕಳೆದರೆ ಏನೂ ಹೋಗುವುದಿಲ್ಲ. ದನಿಯಿರುವ ಚಾನೆಲ್ಲನ್ನು ಮುಚ್ಚಿದರೆ ವಾದ್ಯ ಬಹುಮಟ್ಟಿಗೆ ಉಳಿಯುತ್ತದೆ.

ಹಾಗಾಗಿ ಯಾವುದೇ ಹಾಡನ್ನು ಕೈಗೆತ್ತಿಕೊಳ್ಳುವ ಮೊದಲು ಹೆಡ್‌ಫೋನ್ ಹಾಕಿ ಕೇಳಬೇಕು. ವಾದ್ಯಗಳು ಎರಡು ಬದಿಗೆ ಹರಡಿ, ದನಿ ಮಾತ್ರ ತಲೆಯ ನಡುವೆ ಒಣಗಿದಂತೆ, ಗುಂಗಿಲ್ಲದೆ ಕೇಳಿದರೆ ಕೆಲಸ ಸಲೀಸು. ಆಡಾಸಿಟಿ ತಂತ್ರಾಂಶದಲ್ಲಿ ಹಾಡನ್ನು ತೆರೆದು, ಟ್ರ್ಯಾಕಿನ ಮೆನುವಿನಲ್ಲಿ Split Stereo to Mono ಒತ್ತಿ, ಎರಡರಲ್ಲೊಂದನ್ನು ಆರಿಸಿ Invert ಎಫೆಕ್ಟ್ ಕೊಟ್ಟರೆ ಸಾಕು, ಪ್ಲೇ ಮಾಡಿದಾಗ ಫಲಿತಾಂಶ ಕೇಳುತ್ತದೆ. ಕಮಾಂಡ್ ಬರೆಯುವ ಅಭ್ಯಾಸ ಇದ್ದವರಿಗೆ ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೇ ಸಾಲು:

```
sox haadu.wav ulidaddu.wav oops
```

ಹೊರಬರುವ ಕಡತದಲ್ಲಿ ಎರಡು ಚಾನೆಲ್‌ಗಳಿದ್ದರೂ ಎರಡರಲ್ಲೂ ಇರುವುದು ಅದೇ ವ್ಯತ್ಯಾಸ. ಎಡದಲ್ಲಿದ್ದ ಗಿಟಾರು, ಬಲದಲ್ಲಿದ್ದ ವಯಲಿನ್ನು ಈಗ ಒಂದೇ ಜಾಗದಿಂದ ಕೇಳುತ್ತವೆ, ಅವನ್ನು ಮತ್ತೆ ಬೇರ್ಪಡಿಸಲು ಬರುವುದಿಲ್ಲ.