ಕನ್ನಡದ ಬಟನ್ ಎಲ್ಲಿ ಅಡಗಿದೆ?

ಅಮೆಜಾನ್‌ನ ಭಾರತದ ಜಾಲತಾಣ 2020ರಿಂದಲೇ ಕನ್ನಡದಲ್ಲೂ ಸಿಗುತ್ತಿದೆ. ಆದರೂ ಅದರ ಇಂಗ್ಲಿಷ್ ಪುಟಗಳ ಮುಂದೆ ತಿಣುಕಾಡುವ ಕನ್ನಡಿಗರು ಇನ್ನೂ ಬಹಳ ಮಂದಿ ಇದ್ದಾರೆ. ಕಂಪ್ಯೂಟರಿನಲ್ಲಿ ಆ ಪುಟ ತೆರೆದು ನೋಡಿ, ಕಾರಣ ಗೊತ್ತಾಗುತ್ತದೆ. ‘ಭಾಷೆ’ ಎಂದು ಮೇಲ್ಭಾಗದಲ್ಲಿ ಎಲ್ಲೂ ಬರೆದಿಲ್ಲ. ಹುಡುಕುವ ಪೆಟ್ಟಿಗೆಯ ಬಲಗಡೆ ಪುಟ್ಟದೊಂದು ತ್ರಿವರ್ಣ ಧ್ವಜ, ಪಕ್ಕದಲ್ಲಿ EN ಎಂಬ ಎರಡಕ್ಷರ, ಅಷ್ಟೇ. ಅದರ ಮೇಲೆ ಮೌಸ್ ತಂದು ನಿಲ್ಲಿಸಿದರೆ ಭಾಷೆಗಳ ಪಟ್ಟಿ ಕೆಳಗಿಳಿಯುತ್ತದೆ. ಕನ್ನಡ ಆರಿಸಿಕೊಂಡ ಮೇಲೂ ಧ್ವಜ ಹಾಗೇ ಇರುತ್ತದೆ. EN ಇದ್ದ ಜಾಗಕ್ಕೆ KN ಬರುತ್ತದೆ. ಅಂದರೆ ನೋಡಬೇಕಾದದ್ದು ಧ್ವಜವನ್ನಲ್ಲ, ಆ ಎರಡು ಅಕ್ಷರಗಳನ್ನು.

ಅದೇ ಪುಟದ ಬುಡಕ್ಕೆ ಇಳಿದರೆ ಇನ್ನೊಂದು ಧ್ವಜ ಇದೆ. ಅದನ್ನು ಒತ್ತಿದರೆ ಭಾಷೆ ಸಿಗುವುದಿಲ್ಲ, ಬೇರೆ ಬೇರೆ ದೇಶಗಳ ಅಮೆಜಾನ್ ಅಂಗಡಿಗಳ ಪಟ್ಟಿ ಬರುತ್ತದೆ. ಭಾಷೆ ಇರುವುದು ಅದರ ಪಕ್ಕದ ಗೋಳದ ಚಿತ್ರದಲ್ಲಿ. ಒಂದೇ ಪುಟದಲ್ಲಿ ಮೇಲಿನ ಧ್ವಜಕ್ಕೆ ಒಂದು ಅರ್ಥ, ಕೆಳಗಿನ ಧ್ವಜಕ್ಕೆ ಇನ್ನೊಂದು! ಧ್ವಜ ಇರುವುದು ದೇಶಕ್ಕೆ. ಸಂವಿಧಾನದ ಎಂಟನೇ ಅನುಸೂಚಿಯಲ್ಲೇ 22 ಭಾಷೆಗಳಿರುವ ನಮ್ಮಲ್ಲಿ ಒಂದು ಧ್ವಜ ಯಾವ ಭಾಷೆಯನ್ನು ತೋರಿಸೀತು? ಹಾಗಾಗಿ ಧ್ವಜ ಒತ್ತಿದಾಗ ದೇಶಗಳ ಹೆಸರು ಕಂಡರೆ ಗಾಬರಿಯಾಗಬೇಡಿ. ಏನೂ ಆರಿಸದೆ ಹಿಂದೆ ಬಂದು, ಗೋಳದ ಚಿತ್ರ ಹುಡುಕಿ.

ಗೋಳದಷ್ಟೇ ಬಳಕೆಯಲ್ಲಿರುವ ಇನ್ನೊಂದು ಗುರುತು ಚೀನೀ ಅಕ್ಷರವೊಂದರ ಜೊತೆ A ಸೇರಿರುವ 文A. ಇದನ್ನು ಕಂಡವರು ಚೀನೀ ಭಾಷೆಗೆ ಸಂಬಂಧಪಟ್ಟದ್ದೇನೋ ಎಂದು ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಕುವೆಂಪು ಅವರ ಪುಟ ತೆರೆಯಿರಿ. ಕಂಪ್ಯೂಟರಿನಲ್ಲಿ ಶೀರ್ಷಿಕೆಯ ಸಾಲಿನ ಬಲತುದಿಯಲ್ಲಿ ಈ ಗುರುತೂ ಎಷ್ಟು ಭಾಷೆಗಳಿವೆ ಎಂಬ ಸಂಖ್ಯೆಯೂ ಇರುತ್ತವೆ. ಮೊಬೈಲಿನಲ್ಲಾದರೆ ಶೀರ್ಷಿಕೆಯ ಕೆಳಗೆ ಬರೀ ಗುರುತು. ಒತ್ತಿದಾಗ ಬರುವ ಪಟ್ಟಿಯಲ್ಲಿ ಹುಡುಕುವ ಪೆಟ್ಟಿಗೆಯೂ ಇರುವುದರಿಂದ ‘ಕನ್ನಡ’ ಎಂದು ಟೈಪ್ ಮಾಡಿದರೆ ಸಾಕು. ಒಂದು ವಿಷಯ ನೆನಪಿರಲಿ: ಆ ಲೇಖನ ಕನ್ನಡದಲ್ಲಿ ಇದ್ದರೆ ಮಾತ್ರ ಕನ್ನಡದ ಹೆಸರು ಅಲ್ಲಿ ಸಿಗುತ್ತದೆ.

ಎಲ್ಲ ಪಟ್ಟಿಗಳಲ್ಲೂ ಹುಡುಕುವ ಪೆಟ್ಟಿಗೆ ಇರುವುದಿಲ್ಲ. ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ ಅಕಾರಾದಿಯಾಗಿ ಇರುತ್ತವೆ, K ಹತ್ತಿರ ನೋಡಬೇಕು. ಒಂದೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿದ್ದರೆ ಕಣ್ಣು ಸೋಲುತ್ತದೆ. ಆಗ ಯೂನಿಕೋಡಿನ ಕ್ರಮ ಗೊತ್ತಿದ್ದರೆ ಅನುಕೂಲ. ಅದರಲ್ಲಿ ದೇವನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳಂ ಹೀಗೆ ಸಾಲಾಗಿ ಬರುತ್ತವೆ. ಎಷ್ಟೋ ಪಟ್ಟಿಗಳು ಇದೇ ಕ್ರಮ ಅನುಸರಿಸುವುದರಿಂದ ತೆಲುಗು ಕಂಡ ಕೂಡಲೇ ಅದರ ಕೆಳಗೆ ನೋಡಿ.

ಫೇಸ್‌ಬುಕ್‌ನಂಥ ತಾಣ ಲಾಗಿನ್ ಪುಟದ ಬುಡದಲ್ಲಿ ಒಂದಷ್ಟು ಭಾಷೆಗಳ ಹೆಸರು ಹಾಕಿ, ಕೊನೆಗೊಂದು + ಚಿಹ್ನೆ ಇಡುತ್ತದೆ. ಉಳಿದ ಭಾಷೆಗಳೆಲ್ಲ ಆ ಚಿಹ್ನೆಯ ಹಿಂದೆ. ಒಳಗೆ ಹೋದ ಮೇಲೆ ಪೋಸ್ಟುಗಳು ಮುಗಿಯದೆ ಬರುತ್ತಲೇ ಇರುವುದರಿಂದ ಬುಡ ಕೈಗೆ ಸಿಗುವುದಿಲ್ಲ, ಸೆಟ್ಟಿಂಗ್ಸ್‌ಗೇ ಹೋಗಬೇಕು.

ಇಷ್ಟೆಲ್ಲ ನೋಡಿದರೂ ಸಿಗದಿದ್ದರೆ ಒಂದು ಪರೀಕ್ಷೆ ಉಳಿದಿದೆ. ಕಂಪ್ಯೂಟರಿನಲ್ಲಿ ಪುಟ ತೆರೆದು Ctrl+U ಒತ್ತಿ. ಪುಟದ ಹಿಂದಿನ ಕೋಡ್ ಕಾಣುತ್ತದೆ. ಅಲ್ಲಿ Ctrl+F ಒತ್ತಿ ಇದನ್ನು ಹುಡುಕಿ:

```
hreflang="kn
```

ಕೊನೆಯ ಉದ್ಧರಣ ಚಿಹ್ನೆ ಬಿಟ್ಟಿರುವುದು ಬೇಕೆಂದೇ. ಕೆಲವರು kn ಎಂದಷ್ಟೇ ಬರೆದರೆ ಕೆಲವರು kn-IN ಎಂದು ಬರೆಯುತ್ತಾರೆ, ಹೀಗೆ ಹುಡುಕಿದರೆ ಎರಡೂ ಸಿಗುತ್ತವೆ. ಸಿಕ್ಕರೆ ಆ ಪುಟಕ್ಕೆ ಕನ್ನಡದ ಆವೃತ್ತಿ ಇದೆ ಎಂದರ್ಥ, ಅದೇ ಸಾಲಿನಲ್ಲಿ ಅದರ ವಿಳಾಸವೂ ಇರುತ್ತದೆ. ಅದನ್ನು ನಕಲು ಮಾಡಿ ವಿಳಾಸಪಟ್ಟಿಯಲ್ಲಿ ಅಂಟಿಸಿದರೆ ಬಟನ್ ಹುಡುಕುವ ಕೆಲಸವೇ ಇಲ್ಲ.

ಸಿಗದಿದ್ದರೆ ಕನ್ನಡ ಇಲ್ಲವೇ ಇಲ್ಲ ಎಂದು ತೀರ್ಮಾನಿಸುವ ಹಾಗಿಲ್ಲ. ಕೆಲವು ತಾಣಗಳು ಭಾಷೆಗೊಂದು ವಿಳಾಸ ಇಡದೆ, ನಿಮ್ಮ ಆಯ್ಕೆಯನ್ನು ಬ್ರೌಸರಿನ ಕುಕಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಕುಕಿ ಅಳಿಸಿದ ಮರುಕ್ಷಣ ಪುಟ ಮತ್ತೆ ಇಂಗ್ಲಿಷಿಗೆ ಮರಳುವುದೂ ಇದರಿಂದಲೇ. ಅಂಥ ತಾಣದಲ್ಲಿ ಖಾತೆ ಇದ್ದರೆ, ಲಾಗಿನ್ ಆಗಿ ಖಾತೆಯ ಸೆಟ್ಟಿಂಗ್ಸ್‌ನಲ್ಲೇ ಭಾಷೆ ಆರಿಸಲು ಬರುತ್ತದೆಯೇ ನೋಡಿ. ಅಲ್ಲಿ ಆರಿಸಿದ್ದು ಕುಕಿ ಅಳಿಸಿದರೂ ಹೋಗುವುದಿಲ್ಲ.