ಒಂದೇ ರೇಟಿಂಗ್, ಬೇರೆ ಬೇರೆ ಬೋನಸ್

ನಾಲ್ವರ ತಂಡವೊಂದಕ್ಕೆ ವರ್ಷದ ಬೋನಸ್ಸೆಂದು 4 ಲಕ್ಷ ರೂಪಾಯಿ ಬಂದಿದೆ ಎಂದಿಟ್ಟುಕೊಳ್ಳಿ. ರಮ್ಯಾ ಮತ್ತು ದಿನೇಶ್ ಅವರ ವಾರ್ಷಿಕ ಸಂಬಳ ತಲಾ 10 ಲಕ್ಷ, ಸುರೇಶ್‌ಗೆ 12, ಆಯೇಷಾಗೆ 8. ಅಪ್ರೈಸಲ್‌ನಲ್ಲಿ ರಮ್ಯಾ 'ಅತ್ಯುತ್ತಮ', ದಿನೇಶ್ 'ಸುಧಾರಿಸಬೇಕು', ಉಳಿದಿಬ್ಬರೂ 'ಉತ್ತಮ'.

ಅನೇಕ ಕಂಪನಿಗಳು ಸಂಬಳವನ್ನು ರೇಟಿಂಗಿನ ಗುಣಕದಿಂದ ಗುಣಿಸುತ್ತವೆ. ಇಲ್ಲಿ ಅತ್ಯುತ್ತಮಕ್ಕೆ 1.5, ಉತ್ತಮಕ್ಕೆ 1, ಕೊನೆಯದಕ್ಕೆ 0.5. ಆಗ ರಮ್ಯಾ 15 ಪಾಲು, ಸುರೇಶ್ 12, ಆಯೇಷಾ 8, ದಿನೇಶ್ 5, ಒಟ್ಟು 40. ಒಂದು ಪಾಲಿಗೆ 10,000 ರೂಪಾಯಿ.

ಸುರೇಶ್‌ಗೆ 1,20,000, ಆಯೇಷಾಗೆ 80,000. ರೇಟಿಂಗ್ ಒಂದೇ! ಕ್ಯಾಂಟೀನಿನಲ್ಲಿ ಈ ಲೆಕ್ಕ ಹೊರಬೀಳದೆ ಇರುವುದಿಲ್ಲ. ವ್ಯತ್ಯಾಸ ಸಂಬಳದಿಂದ ಬಂದದ್ದು, ಕೆಲಸದಿಂದಲ್ಲ ಎಂದು ಮ್ಯಾನೇಜರ್ ಮೊದಲೇ ಆಯೇಷಾಗೆ ಹೇಳಿಬಿಡುವುದು ಲೇಸು.

ಆಯೇಷಾಗೂ 'ಅತ್ಯುತ್ತಮ' ಕೊಟ್ಟಿದ್ದರೆ? ಆಕೆಯ ಪಾಲು 12 ಆಗುತ್ತದೆ, ಒಟ್ಟು 44. ಹಣ ಮಾತ್ರ ಅಷ್ಟೇ. ಆಕೆಗೆ ಸುಮಾರು 1,09,000 ಸಿಗುತ್ತದೆ. ರಮ್ಯಾಳ ಒಂದೂವರೆ ಲಕ್ಷ 1,36,000ಕ್ಕೆ ಇಳಿಯುತ್ತದೆ. ದಾಕ್ಷಿಣ್ಯಕ್ಕೆ ಎಲ್ಲರಿಗೂ ಮೇಲಿನ ರೇಟಿಂಗ್ ಹಂಚುವ ಮ್ಯಾನೇಜರ್, ನಿಜಕ್ಕೂ ದುಡಿದವರ ಜೇಬಿಗೆ ಕೈಹಾಕುತ್ತಾನೆ.

ಕಷ್ಟದ ಮಾತು ದಿನೇಶ್ ಜೊತೆಗಿನದು. 'ಮೇಲಿನವರು ಕಡಿತ ಮಾಡಿದರು' ಎಂದು ನುಣುಚಿಕೊಳ್ಳುವುದು ಸುಲಭ, ಆದರೆ ರೇಟಿಂಗ್ ಬರೆದದ್ದು ಮ್ಯಾನೇಜರೇ. 'ಎರಡು ರಿಲೀಸ್ ತಡವಾದವು, ಅದನ್ನು ಜುಲೈನಲ್ಲೇ ಹೇಳಿದ್ದೆ. ಹಾಗಾಗಿ ಗುಣಕ 0.5, ಮೊತ್ತ 50,000, ಇದರಲ್ಲಿ ತೆರಿಗೆ ಕಡಿತವಾಗುತ್ತದೆ' ಎಂದರೆ ದಿನೇಶ್‌ಗೆ ಸಿಟ್ಟು ಬರಬಹುದು, ಆದರೆ ಪ್ರಶ್ನಿಸಲು ಆಧಾರವಾದರೂ ಇರುತ್ತದೆ. ಜುಲೈನಲ್ಲಿ ಏನೂ ಹೇಳದೆ ಮಾರ್ಚ್‌ನಲ್ಲಿ ಬಾಯಿಬಿಟ್ಟಿದ್ದರೆ, ತಕರಾರು ದಿನೇಶ್‌ನದೇ ಸರಿ.