ಜಾಹೀರಾತಿನ ಕಣಜ

ದುಬೈಯಲ್ಲಿ ಸಣ್ಣ ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವುದು ನನ್ನ ಕೆಲಸ. ನಮ್ಮವರ ಒಂದು ಪುಟ್ಟ ಟಿಫಿನ್ ಕೇಂದ್ರವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಾರಕ್ಕೆ ಒಂದರಂತೆ 30 ಸೆಕೆಂಡಿನ ವಾಟ್ಸಾಪ್ ಜಾಹೀರಾತು ಹಾಕಿದರೆ ವರ್ಷಕ್ಕೆ 52 ಬೇಕು. ಅಷ್ಟನ್ನೂ ಹೊಸದಾಗಿ ಬರೆಯಬೇಕಿಲ್ಲ.

ಮೊದಲು ಸೀಸನ್ ವಾರಗಳನ್ನು ಎಣಿಸಿ. ರಂಜಾನ್ 4, ಯುಗಾದಿ 2, ಮಕ್ಕಳ ಬೇಸಿಗೆ ರಜೆ 4, ಗಣೇಶ ಚೌತಿ 2, ನವರಾತ್ರಿಯಿಂದ ದೀಪಾವಳಿಯವರೆಗೆ 4; ಒಟ್ಟು 16. ಉಳಿದ 36 ವಾರಕ್ಕೆ 12 ನಿತ್ಯದ ಜಾಹೀರಾತು ಸಾಕು, ಒಂದೊಂದೂ ವರ್ಷಕ್ಕೆ ಮೂರು ಸಲ ಬರುತ್ತದೆ. ನಾಲ್ಕು ತಿಂಗಳ ಹಿಂದೆ ಕೇಳಿದ್ದನ್ನು ಗಿರಾಕಿ ನೆನಪಿಟ್ಟುಕೊಂಡಿರುವುದು ಅಪರೂಪ.

ಈ 12ಕ್ಕೆ ವಿಷಯ ಎಲ್ಲಿಂದ? ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಂದ. "ಸಾರಿಗೆ ಬೆಳ್ಳುಳ್ಳಿ ಹಾಕ್ತೀರಾ?", "ಒಬ್ಬನಿಗೇ ಆದ್ರೂ ಕೊಡ್ತೀರಾ?" ಒಂದು ಪ್ರಶ್ನೆಗೆ ಒಂದು ಜಾಹೀರಾತು. ಹೀಗೆ:

"ರೂಮಿನಲ್ಲಿ ಒಬ್ಬರೇ ಇದ್ದೀರಾ? ಒಬ್ಬರಿಗಾಗಿ ಒಲೆ ಹಚ್ಚೋದು ಬೇಜಾರು. ಅನ್ನ, ಸಾರು, ಪಲ್ಯ, ಮಜ್ಜಿಗೆ, ಒಂದೇ ಡಬ್ಬಿಯಾದರೂ ಬಾಗಿಲಿಗೆ ತಂದುಕೊಡ್ತೀವಿ."

ಇದು ಒಡಲು. ಬೆಲೆ, ದಿನ, ಫೋನ್ ನಂಬರು ಇದರೊಳಗೆ ಬರಬಾರದು. ಅವೆಲ್ಲ ಕೊನೆಯ ಒಂದು ಸಾಲಿನಲ್ಲಿರಲಿ, ಅದನ್ನು ನಾನು ಬಾಲ ಅನ್ನುತ್ತೇನೆ. 2022ರ ಜನವರಿಯಲ್ಲಿ ಯುಎಇ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂತು. "ಶುಕ್ರವಾರ ರಜೆ, ಆರಾಮಾಗಿ ದೋಸೆ" ಎಂದು ಒಡಲಲ್ಲೇ ಬರೆದಿದ್ದ ಸ್ಕ್ರಿಪ್ಟುಗಳು ಆವತ್ತೇ ಹಳಸಿದವು. ದಿನ ಬಾಲದಲ್ಲಿದ್ದರೆ ಒಂದು ಸಾಲು ತಿದ್ದಿದರೆ ಮುಗಿಯುತ್ತಿತ್ತು.

ಸೀಸನ್ನಿನವನ್ನು ತಿಂಗಳ ಹೆಸರಿನಲ್ಲಿ ಜೋಡಿಸಬೇಡಿ, ಹಬ್ಬದ ಹೆಸರಿನಲ್ಲೇ ಇಡಿ. ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, 2030ರಲ್ಲಿ ಎರಡು ಸಲ ಶುರುವಾಗುತ್ತದೆ. 2023ರಲ್ಲಿ ಯುಗಾದಿಯ ಮರುದಿನವೇ ಇಲ್ಲಿ ಉಪವಾಸ ಆರಂಭವಾಯಿತು. ಅಂಥ ವರ್ಷ ಹೋಳಿಗೆಯ ಆರ್ಡರೂ ಇಫ್ತಾರ್ ಡಬ್ಬಿಯೂ ಒಟ್ಟಿಗೇ ಬರುವುದರಿಂದ ವರ್ಷದ ಮೊದಲೇ ಎರಡೂ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ವಾರಗಳನ್ನು ಹಂಚಿಕೊಳ್ಳಬೇಕು. ಈದ್ ಚಂದ್ರದರ್ಶನದ ಮೇಲೆ ನಿಂತಿರುವುದರಿಂದ ಬಾಲವನ್ನು ಎರಡು ತಾರೀಖಿಗೂ ಬರೆದಿಟ್ಟಿರಿ.

ಪ್ರತಿ ಹಬ್ಬಕ್ಕೂ ನಾನು ಇಡುವುದು ಎರಡೇ ಸ್ಕ್ರಿಪ್ಟು: ಆರ್ಡರ್ ಶುರುವಾದಾಗ ಒಂದು, ಕೊನೆಯ ದಿನದ ಹಿಂದಿನ ದಿನಕ್ಕೆ ಒಂದು. ಹಬ್ಬದ ದಿನ ಬರೀ ಶುಭಾಶಯ ಸಾಕು. ಅವತ್ತು ಅಡುಗೆಮನೆಯಲ್ಲಿ ಫೋನ್ ಎತ್ತಲೂ ಯಾರೂ ಇರುವುದಿಲ್ಲ!

ಎಲ್ಲವನ್ನೂ ಒಂದೇ ಗೂಗಲ್ ಶೀಟಿನಲ್ಲಿಡಿ: ಹೆಸರು, ಒಡಲು, ಬಾಲ, ಕೊನೆಯ ಸಲ ಹಾಕಿದ ತಾರೀಖು, ಆ ವಾರ ಬಂದ ವಿಚಾರಣೆ ಎಷ್ಟು. ಒಂದು ಸ್ಕ್ರಿಪ್ಟಿಗೆ ಕಳೆದ ಸಲಕ್ಕಿಂತ ಅರ್ಧ ವಿಚಾರಣೆ ಬಂದರೆ ಮೊದಲು ಬಾಲ ನೋಡಿ, ಬೆಲೆಯೋ ನಂಬರೋ ಹಳೆಯದಿರಬಹುದು. ಅದು ಸರಿಯಿದ್ದೂ ಮುಂದಿನ ಸರದಿಯಲ್ಲಿ ಮತ್ತೆ ಇಳಿದರೆ ಅದನ್ನು ತೆಗೆದು, ಆ ತಿಂಗಳು ಗಿರಾಕಿಗಳು ಹೊಸದಾಗಿ ಕೇಳಿದ ಪ್ರಶ್ನೆಯೊಂದನ್ನು ಅಲ್ಲಿ ತುಂಬಿ.